ತೊಗರಿ ಆ್ಯಪ್‌ನ ಷರತ್ತುಗಳು: ಒಂದು ಕರಡನ್ನು ಬಿಡಿಸಿ ಓದುವುದು

ಕಲಬುರಗಿ ಭಾಗದ ತೊಗರಿ ಬೆಳೆಗಾರರನ್ನು ನೇರವಾಗಿ ದಾಲ್ ಮಿಲ್‌ಗಳಿಗೆ ಜೋಡಿಸುವ ಆ್ಯಪ್ ಒಂದನ್ನು ಇಲ್ಲಿನ ಕೆಲವು ಹುಡುಗರು ತಯಾರು ಮಾಡುತ್ತಿದ್ದಾರೆ. ಬಿಡುಗಡೆಗೆ ಮುಂಚೆ ಅದರ ‘ನಿಯಮ ಮತ್ತು ಷರತ್ತುಗಳು’ ಕರಡನ್ನು ಓದಿ ಹೇಳಿ ಅಂತ ನನಗೆ ಕಳಿಸಿದ್ದರು. ಬೇರೆ ಯಾವುದೋ ಆ್ಯಪ್‌ನ ಇಂಗ್ಲಿಷ್ ಷರತ್ತುಗಳನ್ನು ತೆಗೆದುಕೊಂಡು, ಹೆಸರು ಬದಲಿಸಿ, ಕನ್ನಡಕ್ಕೆ ತಂದಿದ್ದ ಕರಡು ಅದು. ರೈತರಿಗೆ ಅನ್ಯಾಯ ಮಾಡಬೇಕು ಅನ್ನುವ ಯೋಚನೆ ಈ ಹುಡುಗರಿಗೆ ಇರಲಿಲ್ಲ. ಆದರೆ ನಾಳೆ ತಕರಾರು ಬಂದರೆ ಕೋರ್ಟು ನೋಡುವುದು ಬರೆದದ್ದನ್ನು.

ಇಂಥ ಕರಡನ್ನು ಮೊದಲ ಪುಟದಿಂದ ಕೊನೆಯವರೆಗೆ ಸುಮ್ನೆ ಓದಿಕೊಂಡು ಹೋದರೆ ಏನೂ ಸಿಗುವುದಿಲ್ಲ. ಹಣ ಎಲ್ಲೆಲ್ಲಿ ಕೈ ಬದಲಿಸುತ್ತದೆ ಅನ್ನುವುದನ್ನು ಹಿಡಿದು ಓದಬೇಕು. ರೈತ ತಪ್ಪಿದರೆ ಎಷ್ಟು ಕಟ್ಟಬೇಕು? ಕಂಪನಿ ತಪ್ಪಿದರೆ ಎಷ್ಟು ಕಟ್ಟಬೇಕು? ಈ ಎರಡು ಪ್ರಶ್ನೆಗಳ ಉತ್ತರ ಸಾಮಾನ್ಯವಾಗಿ ಒಂದೇ ಪುಟದಲ್ಲಿ ಇರುವುದಿಲ್ಲ. ಈ ಕರಡಿನಲ್ಲಿ ಮೊದಲನೆಯದು 6ನೇ ಷರತ್ತಿನಲ್ಲಿತ್ತು, ಎರಡನೆಯದು 17ರಲ್ಲಿ.

6ನೇ ಷರತ್ತು ಹೀಗಿತ್ತು: ‘ಒಪ್ಪಿಕೊಂಡ ಮಾಲನ್ನು ನಿಗದಿತ ದಿನ ಕೊಡದಿದ್ದರೆ ಬಳಕೆದಾರರು ವಹಿವಾಟಿನ ಮೊತ್ತದ ಶೇಕಡಾ 10ರಷ್ಟು ದಂಡ ಕಟ್ಟಬೇಕು.’ 17ನೇ ಷರತ್ತು: ‘ಯಾವುದೇ ಕಾರಣದಿಂದ ಉಂಟಾದ ನಷ್ಟಕ್ಕೆ ಕಂಪನಿಯ ಹೊಣೆಯು, ಬಳಕೆದಾರರು ಹಿಂದಿನ ಮೂರು ತಿಂಗಳಲ್ಲಿ ಕಟ್ಟಿದ ಶುಲ್ಕ ಅಥವಾ 500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಸೀಮಿತವಾಗಿರುತ್ತದೆ.’

ಬಿಡಿಬಿಡಿಯಾಗಿ ಓದಿದರೆ ಎರಡೂ ಸಾಮಾನ್ಯ ಮಾತಿನಂತೆ ಕಾಣುತ್ತವೆ. ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಒಬ್ಬ ರೈತ 20 ಕ್ವಿಂಟಲ್ ತೊಗರಿ ಮಾರುತ್ತಾನೆ, ಕ್ವಿಂಟಲ್‌ಗೆ 7,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಒಟ್ಟು 1,40,000. ಮಳೆಗೆ ಮಾಲು ತೊಯ್ದು ಆ ದಿನ ಕೊಡಲು ಆಗದಿದ್ದರೆ ಅವನು 14,000 ರೂಪಾಯಿ ಕಟ್ಟಬೇಕು. ಅದೇ ಕಂಪನಿ ತನ್ನ ತಪ್ಪಿನಿಂದ ಅವನ 1,40,000 ರೂಪಾಯಿಯನ್ನು ಬೇರೆಯವರ ಖಾತೆಗೆ ಹಾಕಿಬಿಟ್ಟರೆ? ಜಾಸ್ತಿ ಅಂದರೆ 500 ರೂಪಾಯಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಈ ಆ್ಯಪ್‌ನಲ್ಲಿ ಶುಲ್ಕ ಕಡಿತವಾಗುವುದು ವಹಿವಾಟು ಮುಗಿದ ಮೇಲೆ. ಅಂದರೆ ಮೊದಲ ಸಲ ಮಾರುವವನು ಹಿಂದಿನ ಮೂರು ತಿಂಗಳಲ್ಲಿ ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ. ಸೊನ್ನೆ ಮತ್ತು 500ರಲ್ಲಿ ಯಾವುದು ಕಡಿಮೆ? ಅವನ ಪಾಲಿಗೆ ಕಂಪನಿಯ ಹೊಣೆ ಸೊನ್ನೆ. ಕರಡು ಬರೆದ ಹುಡುಗರಿಗೂ ಇದು ಗೊತ್ತಾಗಿರಲಿಲ್ಲ. ‘ಯಾವುದು ಕಡಿಮೆಯೋ’ ಅನ್ನುವ ಮಾತು ಕಂಡಲ್ಲೆಲ್ಲ ಹೀಗೆ ಅಂಕಿ ಹಾಕಿ ನೋಡಲೇಬೇಕು.

ನಮ್ಮ ನ್ಯಾಯಾಲಯಗಳೂ ಇದೇ ರೀತಿ ಎರಡೂ ಕಡೆಯನ್ನು ಅಕ್ಕಪಕ್ಕ ಇಟ್ಟು ನೋಡಿವೆ. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಪಯೋನಿಯರ್ ಅರ್ಬನ್ ಲ್ಯಾಂಡ್ ಅನ್ನುವ ಬಿಲ್ಡರ್ ಮತ್ತು ಒಬ್ಬ ಫ್ಲ್ಯಾಟ್ ಖರೀದಿದಾರರ ಪ್ರಕರಣ ಬಂದಿತ್ತು. ಕಂತು ಕಟ್ಟುವುದು ತಡವಾದರೆ ಖರೀದಿದಾರರು ಶೇಕಡಾ 18 ಬಡ್ಡಿ ಕೊಡಬೇಕು. ಬಿಲ್ಡರ್ ತಡ ಮಾಡಿ, ಖರೀದಿದಾರರು ಹಣ ವಾಪಸ್ ಕೇಳಿದರೆ ಶೇಕಡಾ 9. ಸಹಿ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲದ ಖರೀದಿದಾರರನ್ನು ಇಂಥ ಒಮ್ಮುಖದ ಷರತ್ತುಗಳು ಕಟ್ಟಿಹಾಕುವುದಿಲ್ಲ ಎಂದು ಕೋರ್ಟು ಹೇಳಿತು. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಅಂದರೆ ಏನು ಅಂತಲೇ ಬಿಡಿಸಿ ಹೇಳುತ್ತದೆ. ತಪ್ಪಿನಿಂದಾದ ನಷ್ಟಕ್ಕೆ ಹೊಂದದಷ್ಟು ದೊಡ್ಡ ದಂಡ, ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಅಧಿಕಾರ, ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಈ ಕಾರಣಕ್ಕೆ ದೂರು ಕೊಡಬೇಕಾದರೆ ಜಿಲ್ಲಾ ಆಯೋಗಕ್ಕೆ ಹೋದರೆ ಆಗುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಬರೀ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆದವರಿಗೆ ಆ ದಾರಿಯೂ ಇಲ್ಲ. ಅದಕ್ಕೇ ಕರಡಿನ ಹಂತದಲ್ಲೇ ಸರಿ ಮಾಡಿಸುವುದು ಒಳ್ಳೆಯದು ಅನ್ನುತ್ತೇನೆ.

ಇನ್ನು ಭಾಷೆಗೆ ಬರೋಣ. ಇಡೀ ಕರಡಿನಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದು ಕೂರಿಸಿದ್ದು 9ನೇ ಷರತ್ತು. ಅದು ಒಂದೇ ವಾಕ್ಯ:

‘ಬಳಕೆದಾರರು, ಈ ಕರಾರಿನ ಯಾವುದೇ ಷರತ್ತನ್ನು, ಕಂಪನಿಯು ತನ್ನ ಸಂಪೂರ್ಣ ವಿವೇಚನೆಯಲ್ಲಿ ಕಾಲಕಾಲಕ್ಕೆ ಮಾರ್ಪಡಿಸಬಹುದಾದ ಹಾಗೂ ಆ್ಯಪ್‌ನಲ್ಲಿ ಪ್ರಕಟಿಸಿದ ಕೂಡಲೇ ಜಾರಿಗೆ ಬರುವ ಶುಲ್ಕಪಟ್ಟಿಯೂ ಸೇರಿದಂತೆ, ಉಲ್ಲಂಘಿಸಿದ್ದಾರೆಂದು ಕಂಪನಿಗೆ ಅನಿಸಿದಲ್ಲಿ, ಅವರಿಗೆ ಸಲ್ಲಬೇಕಾದ ಮೊತ್ತವನ್ನು, ಪೂರ್ವ ಸೂಚನೆಯಿಲ್ಲದೆ, ತಡೆಹಿಡಿಯುವ ಹಕ್ಕನ್ನು ಕಂಪನಿಯು ಹೊಂದಿರುತ್ತದೆ.’

ಇದರಲ್ಲಿ ಕಷ್ಟದ ಪದ ಹೆಚ್ಚೇನೂ ಇಲ್ಲ. ‘ವಿವೇಚನೆ’, ‘ಉಲ್ಲಂಘನೆ’ ಪತ್ರಿಕೆಯಲ್ಲಿ ದಿನಾ ಬರುವ ಪದಗಳು. ಆದರೂ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕಾರಣ ವಾಕ್ಯದ ಕಟ್ಟಡದಲ್ಲಿದೆ. ‘ಬಳಕೆದಾರರು’ ಅಂತ ಶುರುವಾಯಿತು, ಅವರು ಏನು ಮಾಡಿದರು ಅನ್ನುವುದು ‘ಉಲ್ಲಂಘಿಸಿದ್ದಾರೆ’ ಅನ್ನುವಲ್ಲಿ ಗೊತ್ತಾಗುತ್ತದೆ. ಇವೆರಡರ ನಡುವೆ 18 ಪದಗಳಿವೆ, ಅವುಗಳಲ್ಲಿ ಬಹುಪಾಲು ಶುಲ್ಕದ ಬಗ್ಗೆ ಹೇಳುವ ಇನ್ನೊಂದು ವಾಕ್ಯವೇ. ಅಷ್ಟು ಹೊತ್ತು ‘ಬಳಕೆದಾರರು’ ಅನ್ನುವುದನ್ನು ನೆನಪಿನಲ್ಲಿ ಹಿಡಿದುಕೊಂಡೇ ನಡುವಿನದನ್ನೂ ಅರ್ಥ ಮಾಡಿಕೊಳ್ಳಬೇಕು. ನಮ್ಮ ತಕ್ಷಣದ ನೆನಪಿಗೆ ಅಷ್ಟು ಜಾಗ ಇಲ್ಲ.

ಎರಿಕ್ ಮಾರ್ಟಿನೆಜ್, ಫ್ರಾನ್ಸಿಸ್ ಮೊಲಿಕಾ ಮತ್ತು ಎಡ್ವರ್ಡ್ ಗಿಬ್ಸನ್ 2022ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಇಂಗ್ಲಿಷ್ ಕರಾರುಗಳನ್ನು ಬೇರೆ ಬಗೆಯ ಬರಹಗಳ ಜೊತೆ ಹೋಲಿಸಿದಾಗ, ಹೀಗೆ ವಾಕ್ಯದ ಹೊಟ್ಟೆಯೊಳಗೆ ವಾಕ್ಯ ತುರುಕುವುದು ಕರಾರುಗಳಲ್ಲಿ ತೀರಾ ಜಾಸ್ತಿ ಅಂತ ಕಂಡುಬಂತು. ಒಂದೇ ವಿಷಯವನ್ನು ಎರಡು ರೀತಿ ಬರೆದು ಜನರಿಗೆ ಓದಿಸಿದಾಗ, ಈ ತುರುಕುವಿಕೆ ಇದ್ದ ಬರಹ ಕಡಿಮೆ ನೆನಪಿನಲ್ಲಿ ಉಳಿಯಿತು. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ವಕೀಲರನ್ನೇ ಕೇಳಿದರು. ಅವರಿಗೂ ಸರಳವಾಗಿ ಬರೆದದ್ದೇ ಹೆಚ್ಚು ನೆನಪಿತ್ತು, ಅದೇ ಚೆನ್ನಾಗಿದೆ ಅಂದರು. ‘ಕಾನೂನು ಅಂದರೆ ಹೀಗೇ ಬರೆಯಬೇಕು’ ಅನ್ನುವ ಮಾತಿಗೆ ಇಲ್ಲಿ ಬಲ ಸಿಗುವುದಿಲ್ಲ.

ಕನ್ನಡದಲ್ಲಿ ಈ ತೊಂದರೆ ಇನ್ನೂ ಹೆಚ್ಚಬಹುದು ಅನ್ನುವುದು ನನ್ನ ಅನುಭವ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೇಲಿನ ವಾಕ್ಯದಲ್ಲಿ ‘ತಡೆಹಿಡಿಯುವ ಹಕ್ಕು’ ಅನ್ನುವ ಮುಖ್ಯ ಮಾತು ಬರುವ ಹೊತ್ತಿಗೆ ಓದುವವರು ಸುಸ್ತಾಗಿರುತ್ತಾರೆ.

ಬಿಡಿಸುವ ಕ್ರಮ ಇಷ್ಟೇ. ಒಂದೊಂದು ಕ್ರಿಯೆಗೂ ಒಂದೊಂದು ವಾಕ್ಯ ಕೊಡಿ. ಯಾರು ಮಾಡುತ್ತಾರೆ ಅನ್ನುವುದನ್ನು ಪ್ರತಿ ಸಲ ಬರೆಯಿರಿ. ಆಗ 9ನೇ ಷರತ್ತು ಹೀಗಾಗುತ್ತದೆ: ಕಂಪನಿ ಶುಲ್ಕವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಬದಲಿಸಿದ ಕ್ಷಣದಿಂದಲೇ ಅದು ಜಾರಿ. ನೀವು ಷರತ್ತು ಮುರಿದಿರಿ ಅಂತ ಕಂಪನಿಗೆ ಅನಿಸಿದರೆ ಸಾಕು, ನಿಮ್ಮ ಹಣ ತಡೆಯಬಹುದು. ಮುಂಚೆ ತಿಳಿಸಬೇಕಾಗಿಲ್ಲ.

ಈ ಬಿಡಿಸಿದ ರೂಪವನ್ನು ಆಳಂದ ಕಡೆಯ, ನನಗೆ ಪರಿಚಯದ ಒಬ್ಬ ರೈತರಿಗೆ ತೋರಿಸಿದೆ. ಕಾಕಾ ಅಂತಲೇ ಕರೆಯುತ್ತೇನೆ. ಮೂಲ ವಾಕ್ಯ ಓದಿದಾಗ ಅವರು ಏನೂ ಕೇಳಿರಲಿಲ್ಲ, ಸರಿ ಅಂತ ತಲೆಯಾಡಿಸಿದ್ದರು. ಇದನ್ನು ಓದಿದ ಕೂಡಲೇ, “ರೊಕ್ಕ ಹಿಡದ್ರ ಎಷ್ಟು ದಿನ ಹಿಡೀತಾರಪ್ಪಾ? ಇದರಾಗ ಅದು ಎಲ್ಲದ?” ಅಂದರು. ಎಲ್ಲೂ ಇರಲಿಲ್ಲ. ಉದ್ದ ವಾಕ್ಯದಲ್ಲಿ ಇರುವುದಷ್ಟೇ ಅಲ್ಲ, ಇಲ್ಲದ್ದೂ ಅಡಗಿಕೊಳ್ಳುತ್ತದೆ. ದಿನಗಳ ಮಿತಿ ಬರೆಯದೆ ಬಿಟ್ಟಿರುವುದು ನಾಲ್ಕು ಚಿಕ್ಕ ವಾಕ್ಯಗಳಲ್ಲಿ ಮಾತ್ರ ಕಣ್ಣಿಗೆ ಬಿತ್ತು.

ಹಾಗಂತ ತಡೆಹಿಡಿಯುವ ಹಕ್ಕೇ ಬೇಡ ಅನ್ನಲಾಗದು. ಒಂದೇ ಮಾಲನ್ನು ಇಬ್ಬರಿಗೆ ಮಾರಿದವರ ಹಣವನ್ನು ಕಂಪನಿ ನಿಲ್ಲಿಸಲೇಬೇಕಾಗುತ್ತದೆ. ಎರಡೂ ಕಡೆಯವರ ಕೆಲಸ ಬೇರೆ ಬೇರೆ, ಹಾಗಾಗಿ ಅಧಿಕಾರವೂ ತೂಕ ಹಾಕಿದಂತೆ ಸಮ ಇರುವುದಿಲ್ಲ. ಅಂಥ ಕಡೆ ಮೂರು ಸಂಗತಿ ಇವೆಯಾ ಅಂತ ಹುಡುಕುತ್ತೇನೆ: ಕಾರಣ ಬರೆದು ತಿಳಿಸಬೇಕು, ದಿನಗಳ ಮಿತಿ ಇರಬೇಕು, ಪ್ರಶ್ನಿಸಲು ದಾರಿ ಇರಬೇಕು. ಪ್ರಶ್ನಿಸುವ ದಾರಿ ತಕರಾರಿನ ಷರತ್ತಿಗೆ ಸೇರಿದ್ದು, ಅದು ಮುಂದೆ ಬರುತ್ತದೆ. ಉಳಿದೆರಡನ್ನು ಸೇರಿಸಿ ನಾನು ಸೂಚಿಸಿದ ರೂಪ ಇದು: ‘ಮೋಸ ನಡೆದಿದೆ ಎನ್ನಲು ಆಧಾರವಿದ್ದರೆ ನಿಮ್ಮ ಹಣವನ್ನು 7 ದಿನದವರೆಗೆ ತಡೆಯಬಹುದು. ಕಾರಣವನ್ನು ಅದೇ ದಿನ ಎಸ್ಸೆಮ್ಮೆಸ್‌ನಲ್ಲಿ ತಿಳಿಸುತ್ತೇವೆ. 7 ದಿನದಲ್ಲಿ ಮೋಸ ಸಾಬೀತಾಗದಿದ್ದರೆ ಪೂರ್ತಿ ಹಣ ಕೊಡುತ್ತೇವೆ. ಶುಲ್ಕ ಬದಲಿಸುವ 30 ದಿನ ಮೊದಲು ತಿಳಿಸುತ್ತೇವೆ. ಆಗಲೇ ಒಪ್ಪಿದ ವಹಿವಾಟಿಗೆ ಹಳೆಯ ಶುಲ್ಕವೇ.’ ಮೂಲಕ್ಕಿಂತ ಇದು ಚಿಕ್ಕದೇನಲ್ಲ. ಆದರೆ ಒಂದೊಂದು ವಾಕ್ಯವನ್ನೂ ಬೇರೆಯಾಗಿ ಹಿಡಿದು ಪ್ರಶ್ನೆ ಕೇಳಬಹುದು.

ಸರಳ ಭಾಷೆಯಲ್ಲಿದ್ದರೆ ಷರತ್ತು ಸರಿ ಅಂತಲೂ ಅಲ್ಲ. 21ನೇ ಷರತ್ತು ತಿಳಿಯಾಗಿಯೇ ಇತ್ತು: ‘ತಕರಾರು ಬಂದರೆ ಕಂಪನಿ ನೇಮಿಸಿದ ಒಬ್ಬ ಮಧ್ಯಸ್ಥಗಾರರು ಬೆಂಗಳೂರಿನಲ್ಲಿ ತೀರ್ಮಾನಿಸುತ್ತಾರೆ.’ ತಕರಾರಿನಲ್ಲಿ ಪಾಲುದಾರನಾದವನೇ ತೀರ್ಪು ಹೇಳುವವರನ್ನು ಆರಿಸುತ್ತಾನೆ! ತೀರ್ಪಿನಲ್ಲಿ ಸ್ವಂತ ಹಿತಾಸಕ್ತಿ ಇರುವವರು ಒಬ್ಬರೇ ಹೀಗೆ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಹೈಕೋರ್ಟ್ ಪೀಠವೇ ಇರುವ ಕಲಬುರಗಿ ಬಿಟ್ಟು, ಇಲ್ಲಿನ ರೈತ ಇಲ್ಲಿನ ಮಿಲ್ಲಿಗೆ ಮಾರಿದ ತೊಗರಿಯ ತಕರಾರಿಗೆ ರಾತ್ರಿಯೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾ? ಕಾನೂನಿನ ಮುಂದೆ ನಿಲ್ಲದ ಷರತ್ತಾದರೂ ಅದನ್ನು ಓದಿದ ರೈತ ದೂರು ಕೊಡದೆ ಸುಮ್ಮನಾಗಿಬಿಡುತ್ತಾನೆ. ಆ ಷರತ್ತಿನಿಂದ ನಿಜವಾದ ಹಾನಿ ಆಗುವುದು ಅಲ್ಲೇ.

ಹುಡುಗರು ಬಹಳಷ್ಟನ್ನು ಒಪ್ಪಿದರು. ತಡೆಹಿಡಿಯುವ ಷರತ್ತು ಮೇಲೆ ಬರೆದಂತೆಯೇ ಹೋಯಿತು. ದಂಡ ಶೇಕಡಾ 2ಕ್ಕೆ ಇಳಿಯಿತು, ಮಳೆಯಂಥ ಕಾರಣಕ್ಕೆ ದಂಡವಿಲ್ಲ. ಹಣ ತಪ್ಪು ಖಾತೆಗೆ ಹೋದರೆ ಕಂಪನಿಯ ಹೊಣೆ ಆ ವಹಿವಾಟಿನ ಪೂರ್ತಿ ಮೊತ್ತ. ಮಧ್ಯಸ್ಥಗಾರರನ್ನು ಇಬ್ಬರೂ ಸೇರಿ ಆರಿಸಬೇಕು, ವಿಚಾರಣೆ ಕಲಬುರಗಿಯಲ್ಲಿ.

ನಿಂತದ್ದು ಕೊನೆಯ ಷರತ್ತಿನ ಹತ್ತಿರ. ‘ಕನ್ನಡ ಮತ್ತು ಇಂಗ್ಲಿಷ್ ಪಾಠಗಳ ನಡುವೆ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ’ ಅಂತ ಅದರಲ್ಲಿತ್ತು. ರೈತ ಓದಿ ಒಪ್ಪುವುದು ಕನ್ನಡವನ್ನು, ಅವನನ್ನು ಕಟ್ಟಿಹಾಕುವುದು ಅವನು ಓದದ ಇಂಗ್ಲಿಷ್. ಬರೆದದ್ದು ಎರಡು ಅರ್ಥ ಕೊಟ್ಟರೆ, ಬರೆದವರ ವಿರುದ್ಧದ ಅರ್ಥವನ್ನು ಹಿಡಿಯಬೇಕು ಅನ್ನುವುದು ಕರಾರು ಕಾನೂನಿನಲ್ಲಿ ಹಳೆಯ ನಿಯಮ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ, ನಮ್ಮ ಮಾಹಿತಿ ಬಳಸಲು ಒಪ್ಪಿಗೆ ಕೇಳುವಾಗ ಅದನ್ನು ತಿಳಿಯಾದ ಮಾತಿನಲ್ಲಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಕೊಡಬೇಕು ಅನ್ನುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ವ್ಯತ್ಯಾಸ ಬಂದರೆ ಬಳಕೆದಾರರಿಗೆ ಅನುಕೂಲವಾದ ಪಾಠವೇ ನಡೆಯಲಿ ಅಂತ ಬರೆದುಕೊಟ್ಟೆ. ಅವರ ವಕೀಲರು ಎರಡೂ ಪಾಠಗಳನ್ನು ಸಾಲುಸಾಲಾಗಿ ತಾಳೆ ನೋಡುವವರೆಗೆ ಆಗುವುದಿಲ್ಲ ಅಂದರು. ಸದ್ಯಕ್ಕೆ ಶುಲ್ಕ, ಹಣ ಪಾವತಿ ಮತ್ತು ದಂಡದ ಷರತ್ತುಗಳಿಗೆ ಮಾತ್ರ ಕನ್ನಡ ಪಾಠ ಅಂತಿಮ ಅಂತ ಒಪ್ಪಿದ್ದಾರೆ. ಉಳಿದವುಗಳ ತಾಳೆ ನಡೆಯುತ್ತಿದೆ.