ಇಪ್ಪತ್ತು ವರ್ಷ ಬಿಪಿ ನೋಡಿದವರಿಗೆ ಬಿಪಿ ನೋಡೋದನ್ನ ಕಲಿಸೋದು ಹೇಗೆ? ಆಂಡ್ರಗಾಜಿ ಟಿಪ್ಪಣಿ

ಪರೀಕ್ಷೆಗೆ ಬೇಕಾದದ್ದನ್ನು ಮೊದಲು ಮುಗಿಸಿಬಿಡೋಣ. ದೊಡ್ಡವರಿಗೆ ಕಲಿಸುವ ರೀತಿಗೆ ಆಂಡ್ರಗಾಜಿ ಅಂತಾರೆ, ಮಕ್ಕಳಿಗೆ ಕಲಿಸುವ ರೀತಿಗೆ ಪೆಡಗಾಜಿ. ಈ ಹೆಸರನ್ನು 1833ರಲ್ಲೇ ಜರ್ಮನಿಯ ಶಿಕ್ಷಕ ಅಲೆಕ್ಸಾಂಡರ್ ಕಾಪ್ ಬಳಸಿದ್ದರು. ಆದರೆ ಅದನ್ನು ಎಲ್ಲರ ಬಾಯಿಗೆ ತಂದವರು ಅಮೆರಿಕದ ಮಾಲ್ಕಮ್ ನೋಲ್ಸ್. ಮೊದಲು ಅವರು ಹೇಳಿದ್ದು ನಾಲ್ಕು ಅಂಶ. ಆಮೇಲೆ ಎರಡು ಸೇರಿದವು. ದೊಡ್ಡವರಿಗೆ ಯಾಕೆ ಕಲಿಯಬೇಕು ಅಂತ ಗೊತ್ತಾಗಬೇಕು. ತಮ್ಮ ವಿಷಯ ತಾವೇ ನಿರ್ಧರಿಸಿ ಅಭ್ಯಾಸ. ಅನುಭವ ಹೊತ್ತುಕೊಂಡೇ ಬರ್ತಾರೆ. ಕೆಲಸಕ್ಕೆ ಬೇಕಾದಾಗ ಕಲಿಯಲು ತಯಾರಾಗ್ತಾರೆ. ಪಾಠಕ್ಕಿಂತ ಎದುರಿಗಿರುವ ಸಮಸ್ಯೆ ಮುಖ್ಯ. ಸರ್ಟಿಫಿಕೇಟಿಗಿಂತ ಒಳಗಿನ ಆಸೆ ಜಾಸ್ತಿ ಕೆಲಸ ಮಾಡುತ್ತದೆ.

ಆರೂ ಓದೋಕೆ ಸುಲಭ. ನಿಜವಾದ ತರಬೇತಿಯಲ್ಲಿ ಕೂತಾಗ ಮಾತ್ರ ಎರಡೇ ಅಂಶ ತಲೆ ತಿನ್ನುತ್ತವೆ: ಅನುಭವ ಮತ್ತು ‘ತಾವೇ ನಿರ್ಧರಿಸುವುದು’. ಹಾಗಾಗಿ ಈ ಟಿಪ್ಪಣಿ ಪೂರ್ತಿ ಅವೆರಡರ ಮೇಲೇ ಇದೆ. ಉದಾಹರಣೆಗೆ ಸ್ಟಾಫ್ ನರ್ಸ್‌ಗಳಿಗೆ ಬಿಪಿ ಅಳತೆಯ ತರಬೇತಿ ತಗೊಳ್ಳೋಣ. ಯಂತ್ರ ಡಯಲ್ ಇರುವ ಹಳೇ ಮಾದರಿಯದ್ದು, ಸ್ಟೆತಾಸ್ಕೋಪ್ ಇಟ್ಟು ಕೇಳುವಂಥದ್ದು.

ಅನುಭವ: ಬಂಡವಾಳವೂ ಹೌದು, ಅಡ್ಡಗೋಡೆಯೂ ಹೌದು

ನಾಲ್ಕನೇ ಕ್ಲಾಸಿನ ಹುಡುಗಿಗೆ ಥರ್ಮಾಮೀಟರ್ ಓದೋದು ಹೇಳಿಕೊಡುವಾಗ ಅವಳ ಕೈಯಲ್ಲಿ ಹಳೇ ಅಭ್ಯಾಸ ಇರೋದಿಲ್ಲ. ಗೆರೆ ತೋರಿಸ್ತೀವಿ, ಓದ್ತಾಳೆ. ಯಾಕೆ ಕಲಿಯಬೇಕು ಅಂತ ಅವಳು ಕೇಳೋದೂ ಕಡಿಮೆ. ಟೀಚರ್ ಹೇಳಿದರು, ಅಷ್ಟೇ.

ಸಿಸ್ಟರ್ ಹಾಗಲ್ಲ. ಸಾವಿರಾರು ಸಲ ಬಿಪಿ ನೋಡಿದ್ದಾರೆ. ಓಪಿಡಿಯಲ್ಲಿ ಸಾಲು ಬಾಗಿಲು ದಾಟಿರುತ್ತದೆ, ಹಾಗಾಗಿ ರೋಗಿ ಐದು ನಿಮಿಷ ಕೂರೋ ತನಕ ಯಾರು ಕಾಯ್ತಾರೆ? ತೋಳಿನ ಬಟ್ಟೆ ಮೇಲೇ ಪಟ್ಟಿ ಸುತ್ತೋದು, ಗಾಳಿ ಬೇಗ ಬಿಡೋದು, 128 ಇದ್ದರೆ 130 ಅಂತ ಬರೆಯೋದು. ಇವೆಲ್ಲ ಸೋಮಾರಿತನ ಅಲ್ಲ. ಗದ್ದಲದಲ್ಲಿ ಕೆಲಸ ಸಾಗಿಸೋಕೆ ಕೈ ತಾನಾಗಿ ಕಂಡುಕೊಂಡ ದಾರಿ. ಇಂಥವರ ಮುಂದೆ ‘ಬಿಪಿ ಅಂದರೇನು’ ಅನ್ನೋ ಸ್ಲೈಡಿನಿಂದ ಶುರು ಮಾಡಿದರೆ ಕಥೆ ಅಲ್ಲಿಗೇ ಮುಗೀತು. ಹಿಂದಿನ ಸಾಲಿನವರು ಮೊಬೈಲ್ ತೆಗೀತಾರೆ.

ಇದಕ್ಕೆ ನನಗೆ ತುಂಬ ಹಿಡಿಸಿದ ಒಂದು ಉಪಾಯ ಇದೆ. ಪಾಠ ಶುರು ಮಾಡುವ ಮುಂಚೆ ಅವರದೇ ವಾರ್ಡಿನ ರಿಜಿಸ್ಟರ್ ತರಿಸಿ, ಮೇಲಿನ ಬಿಪಿಯ ಕೊನೆ ಅಂಕಿಗಳನ್ನು ಅವರಿಂದಲೇ ಎಣಿಸುವುದು. ಡಯಲ್ ಮೇಲೆ ಗೆರೆ ಇರೋದು ಎರಡೆರಡು ಮಿಲಿಮೀಟರಿಗೆ. ಅಂದರೆ ಕೊನೆ ಅಂಕಿ 0, 2, 4, 6, 8 ಇವುಗಳಲ್ಲಿ ಒಂದಾಗಿರಬೇಕು. ಸರಿಯಾಗಿ ಓದಿದ್ದರೆ ಒಂದೊಂದೂ ಸುಮಾರು ಐದರಲ್ಲೊಂದು ಪಾಲು ಬರಬೇಕು. 50 ನಮೂದು ಎಣಿಸಿದಾಗ ಸೊನ್ನೆಯಲ್ಲಿ ಮುಗಿಯೋದು 31 ಸಿಕ್ಕಿತು ಅಂದುಕೊಳ್ಳಿ. ಬರಬೇಕಾದದ್ದು ಹತ್ತರ ಆಸುಪಾಸು. 125, 135 ಅಂತ ಐದರಲ್ಲಿ ಮುಗಿಯೋದೂ ನಾಲ್ಕಾರು ಇದ್ದಾವು. ಐದಕ್ಕೆ ಡಯಲ್‌ನಲ್ಲಿ ಗೆರೆಯೇ ಇಲ್ಲ, ಅಲ್ವಾ? ಅದು ಅಂದಾಜು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಯಾಕೆ ಕಲಿಯಬೇಕು ಅನ್ನೋ ಪ್ರಶ್ನೆಗೆ ಇದೇ ಉತ್ತರ. ತರಬೇತುದಾರರು ಒಂದು ಮಾತೂ ಆಡಿಲ್ಲ, ಅವರದೇ ರಿಜಿಸ್ಟರ್ ಮಾತಾಡಿದೆ. ‘ಹೀಗೆ ಯಾಕೆ ಆಗುತ್ತೆ ಸಿಸ್ಟರ್?’ ಅಂತ ಕೇಳಿದರೆ ಕಾರಣಗಳೆಲ್ಲ ಅವರ ಬಾಯಲ್ಲೇ ಬರುತ್ತವೆ: ಸಾಲು, ಸದ್ದು, ಸರಿಯಾದ ಅಳತೆಯ ಪಟ್ಟಿ ಇಲ್ಲದಿರೋದು. ಅನುಭವ ಬಂಡವಾಳ ಆಗೋದು ಇಲ್ಲಿ. ಪಟ್ಟಿ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ, ತೋಳು ಎದೆಮಟ್ಟಕ್ಕಿಂತ ಕೆಳಗೆ ನೇತಾಡಿದರೂ ಹಾಗೇ ಅನ್ನೋದನ್ನು ಈಗ ಹೇಳಿದರೆ ಕಿವಿಗೆ ಬೀಳುತ್ತದೆ.

ಎರಡು ಎಚ್ಚರಿಕೆ. ರಿಜಿಸ್ಟರಿನಲ್ಲಿ ಬರೆದವರ ಸಹಿ ಇದ್ದರೆ ಮುಚ್ಚಿಯೇ ಕೊಡಿ. ಜೂನಿಯರ್‌ಗಳ ಮುಂದೆ ಹಿರಿಯ ಸಿಸ್ಟರ್ ಮರ್ಯಾದೆ ಹೋದರೆ ಆ ದಿನ ಅವರು ಏನನ್ನೂ ಕಲಿಯೋದಿಲ್ಲ. ಇನ್ನೊಂದು, ಡಿಜಿಟಲ್ ಯಂತ್ರದ ನಮೂದು ಸೇರಿದ್ದರೆ ಈ ಲೆಕ್ಕ ನಡೆಯೋದಿಲ್ಲ. ಅದು ಬೆಸ ಅಂಕಿಯನ್ನೂ ತೋರಿಸುತ್ತದೆ.

‘ದೊಡ್ಡವರು, ತಾವೇ ಕಲೀತಾರೆ’: ಇಲ್ಲೇ ಎಡವೋದು

ಇದನ್ನು ಸ್ವಲ್ಪ ನಿಧಾನವಾಗಿ ಬರೀತೀನಿ, ಯಾಕಂದರೆ ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. ದೊಡ್ಡವರು ತಮ್ಮ ಕಲಿಕೆಯನ್ನು ತಾವೇ ನಡೆಸಿಕೊಳ್ತಾರೆ ಅಂದಮೇಲೆ ಎಲ್ಲರನ್ನೂ ಗುಂಪು ಮಾಡಿ ‘ನೀವೇ ಚರ್ಚಿಸಿ’ ಅಂದರೆ ಸಾಕಲ್ವಾ?

ಸಾಲದು. ವಯಸ್ಸಿನಲ್ಲಿ ದೊಡ್ಡವರಾಗೋದು ಬೇರೆ, ಈ ಕೆಲಸದಲ್ಲಿ ಪಳಗಿರೋದು ಬೇರೆ. ಕಳೆದ ವಾರ ಡ್ಯೂಟಿಗೆ ಸೇರಿದ ಹೊಸ ನರ್ಸ್ ಸಂಸಾರ ನಡೆಸ್ತಾರೆ, ಸಾಲ ತೀರಿಸ್ತಾರೆ, ತಮ್ಮ ಜೀವನ ತಾವೇ ನಿರ್ಧರಿಸ್ತಾರೆ. ಆದರೆ ಸ್ಟೆತಾಸ್ಕೋಪಿನಲ್ಲಿ ಯಾವ ಸದ್ದು ಮೊದಲನೆಯದು ಅಂತ ಅವರಿಗೆ ಇನ್ನೂ ಹಿಡಿಯೋದಿಲ್ಲ. ಅವರಿಗೆ ಚರ್ಚೆ ಬೇಡ. ಪಕ್ಕದಲ್ಲಿ ನಿಂತು ‘ಈಗ ಕೇಳಿಸ್ತಾ? ಇದೇ ನೋಡಿ’ ಅನ್ನುವವರು ಬೇಕು.

1988ರಲ್ಲಿ ವಯಸ್ಕರ ಶಿಕ್ಷಣದ ಸಂಶೋಧಕ ಡ್ಯಾನಿಯಲ್ ಪ್ರಾಟ್ ಇದನ್ನೇ ಎರಡು ಪ್ರಶ್ನೆಯಾಗಿ ಒಡೆದರು. ಈ ವ್ಯಕ್ತಿಗೆ ಈ ಕೆಲಸದಲ್ಲಿ ದಾರಿ ತೋರಿಸೋದು ಬೇಕಾ? ಧೈರ್ಯ, ಬೆಂಬಲ ಬೇಕಾ? ಎರಡಕ್ಕೂ ಬೇರೆ ಬೇರೆ ಉತ್ತರ ಬರಬಹುದು. ನಮ್ಮ ತರಬೇತಿ ಕೋಣೆಯಲ್ಲೇ ನೋಡಿ. ಹೊಸ ನರ್ಸ್‌ಗೆ ಎರಡೂ ಬೇಕು. ಹೊಸಬರೇ ಆದರೂ ಹೆದರಿಕೆ ಇಲ್ಲದವರಿಗೆ ಹಂತಗಳನ್ನು ತೋರಿಸಿದರೆ ಸಾಕು, ಬೆನ್ನು ತಟ್ಟೋದು ಬೇಕಿಲ್ಲ. ಕೆಲಸ ಚೆನ್ನಾಗಿ ಬಂದರೂ ‘ಡಾಕ್ಟರ್ ಏನಂತಾರೋ’ ಅಂತ 128 ಬರೆಯಲು ಹಿಂಜರಿಯುವವರಿಗೆ ಹಂತ ಹೇಳೋದೇ ಅವಮಾನ, ಅವರಿಗೆ ಬೇಕಿರೋದು ಬೆಂಬಲ. ಎರಡೂ ಬೇಡದ ಹಿರಿಯ ಸಿಸ್ಟರ್‌ಗೆ ಇನ್ನೊಬ್ಬರ ಅಳತೆಯನ್ನು ಪರಿಶೀಲಿಸುವ ಕೆಲಸ ಕೊಡಿ.

ಒಬ್ಬರೇ ವ್ಯಕ್ತಿ ಮನೆ ಬದಲಾಯಿಸಿದ ಹಾಗೆ ಜಾಗ ಬದಲಾಯಿಸ್ತಾರೆ ಅನ್ನೋದನ್ನೂ ಮರೀಬಾರದು. ಬಿಪಿಯಲ್ಲಿ ಪಳಗಿದ ಅದೇ ಹಿರಿಯ ಸಿಸ್ಟರ್, ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದ ದಿನ ಪಾಸ್‌ವರ್ಡ್ ಹಾಕುವಲ್ಲೇ ನಿಂತುಬಿಡಬಹುದು. ಆವತ್ತು ಅವರಿಗೂ ಒಂದೊಂದೇ ಹಂತ ಬೇಕು.

ನೋಲ್ಸ್ ಕೂಡ ಆಮೇಲೆ ಈ ಕಡೆಗೇ ವಾಲಿದರು. 1970ರ ಅವರ ಪುಸ್ತಕ ಆಂಡ್ರಗಾಜಿಯನ್ನು ಪೆಡಗಾಜಿಗೆ ಎದುರಾಗಿ ನಿಲ್ಲಿಸಿತ್ತು. 1980ರ ಆವೃತ್ತಿಯಲ್ಲಿ ಅವೆರಡೂ ಒಂದೇ ಸಾಲಿನ ಎರಡು ತುದಿಗಳಾದವು. ಮಗುವಿಗೆ ಗೊತ್ತಿರುವ ವಿಷಯದಲ್ಲಿ ಅದಕ್ಕೇ ಬಿಡಬಹುದು, ದೊಡ್ಡವರಿಗೆ ಹೊಸದಾದದ್ದರಲ್ಲಿ ಕೈ ಹಿಡಿಯಬೇಕಾಗಬಹುದು. ‘ಮಕ್ಕಳಿಗೆ ಹೀಗೆ, ದೊಡ್ಡವರಿಗೆ ಹಾಗೆ’ ಅಂತ ಎರಡು ಕಾಲಂ ಹಾಕಿ ಬರೆಯುವ ಉತ್ತರ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲದಿರೋದು ಇದಕ್ಕೇ.

ಕಲಿತರು ಅಂತ ಹೇಗೆ ಗೊತ್ತಾಗುತ್ತೆ?

ಫೀಡ್‌ಬ್ಯಾಕ್ ಫಾರಂ ನಂಬಬೇಡಿ. ಊಟ ಚೆನ್ನಾಗಿದ್ದರೆ ಅದರಲ್ಲೂ ಮಾರ್ಕ್ಸ್ ಏರುತ್ತದೆ. ತಿಂಗಳು ಬಿಟ್ಟು ಅದೇ ರಿಜಿಸ್ಟರಿನಲ್ಲಿ ಸೊನ್ನೆ ಎಣಿಸಿ. 31 ಇದ್ದದ್ದು ಹದಿನೈದಕ್ಕೆ ಇಳಿದಿದ್ದರೆ ಏನೋ ಬದಲಾಗಿದೆ.

ಆದರೆ ಅಂಕಿಯೊಂದೇ ಸಾಲದು. ಸೊನ್ನೆ ಎಣಿಸ್ತಾರೆ ಅಂತ ಗೊತ್ತಾದ ಮೇಲೆ ಸುಮ್ನೆ 126, 134 ಅಂತ ಬರೆದುಬಿಡೋದೂ ಸುಲಭ. ಅದಕ್ಕೇ ಪಕ್ಕದಲ್ಲಿ ನಿಂತು ಗಡಿಯಾರವನ್ನೂ ನೋಡಿ. ಗಾಳಿ ಬಿಡಬೇಕಾದ ವೇಗ ಸೆಕೆಂಡಿಗೆ ಸುಮಾರು ಎರಡು ಮಿಲಿಮೀಟರ್. ಮುಳ್ಳು 180ರಿಂದ 80ಕ್ಕೆ ಇಳಿಯಲು 50 ಸೆಕೆಂಡ್ ಹತ್ತಿರ ಬೇಕು. ಹದಿನೈದೇ ಸೆಕೆಂಡಿಗೆ ಇಳಿದುಹೋದರೆ ರಿಜಿಸ್ಟರಿನಲ್ಲಿ 126 ಅಂತಿದ್ದರೂ ಅದು ಓದಿದ್ದಲ್ಲ.