ತಂಜಾವೂರಿನ ವಿಮಾನಕ್ಕೆ ಎಷ್ಟು ಮಣ್ಣು ಬೇಕಿತ್ತು?

ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಹೋದವರೆಲ್ಲ ಒಂದು ಕಥೆ ಕೇಳಿಕೊಂಡು ಬರುತ್ತಾರೆ. ಗರ್ಭಗುಡಿಯ ಮೇಲೆದ್ದ ಗೋಪುರವಾದ ವಿಮಾನದ ತುದಿಯ ಶಿಖರ 80 ಟನ್ನಿನ ಒಂದೇ ಕಲ್ಲು. ಆರು ಕಿಲೋಮೀಟರ್ ಆಚೆಯ ಸಾರಪಳ್ಳಂ ಎಂಬಲ್ಲಿಂದ ಮಣ್ಣಿನ ಏರುದಾರಿ ಹಾಕಿ ಆನೆಗಳಿಂದ ಎಳೆಸಿದರು. ಏರುದಾರಿಯನ್ನು ನಾನು ನಂಬುತ್ತೇನೆ, ಆರು ಕಿಲೋಮೀಟರನ್ನು ನಂಬುವುದಿಲ್ಲ.

ಆ ಹೆಸರೇನೋ ಸೊಗಸಾಗಿದೆ. ತಮಿಳಿನ ‘ಸಾರಂ’ ನಮ್ಮ ಗಾರೆಯವರು ಕಟ್ಟುವ ಸಾರುವೆಯೇ. ‘ಪಳ್ಳಂ’ ನಮ್ಮ ಹಳ್ಳ. ಏರುದಾರಿಗೆ ಮಣ್ಣು ಅಗೆದ ಗುಂಡಿ ಅದೇ ಎಂದು ಜನ ಅರ್ಥ ಮಾಡುತ್ತಾರೆ. ಆದರೆ ಲೆಕ್ಕ ಒಪ್ಪುವುದಿಲ್ಲ.

80 ಟನ್ ಕಲ್ಲನ್ನು 60 ಮೀಟರ್ ಎತ್ತರಕ್ಕೆ ಒಯ್ಯಬೇಕು ಎನ್ನೋಣ. ಆರು ಕಿಲೋಮೀಟರಿನ ದಾರಿ ನೂರು ಹೆಜ್ಜೆಗೆ ಒಂದು ಹೆಜ್ಜೆ ಏರುತ್ತದೆ. ಆಗ ಏರಿಗಾಗಿ ಎಳೆಯಬೇಕಾದ ಬಲ ಒಂದು ಟನ್ನಿಗೂ ಕಡಿಮೆ. ಆದರೆ ಎಣ್ಣೆ ಸವರಿದ ಮರದ ಮೇಲೆ ಜಾರಿಸಿದರೂ ಘರ್ಷಣೆ ತೂಕದ ಐದನೆಯ ಒಂದು ಪಾಲು, ಅಂದರೆ 16 ಟನ್, ಕೇಳುತ್ತದೆ. ಒಟ್ಟು ಸುಮಾರು 17. ದಾರಿಯನ್ನು 600 ಮೀಟರಿಗೆ ಇಳಿಸಿ, ಹತ್ತಕ್ಕೆ ಒಂದರಂತೆ ಏರಿಸಿದರೆ? ಏರಿಗೆ 8, ಘರ್ಷಣೆಗೆ ಅದೇ 16, ಒಟ್ಟು 24. ದಾರಿ ಹತ್ತು ಪಟ್ಟು ಉದ್ದವಾದರೂ ಎಳೆತದಲ್ಲಿ ಮೂರನೆಯ ಒಂದು ಪಾಲೂ ಉಳಿತಾಯವಾಗುವುದಿಲ್ಲ. ಲಾರಿಗೆ ಅಕ್ಕಿ ಮೂಟೆ ಏರಿಸುವ ಹಮಾಲಿ ಹಲಗೆಯನ್ನು ಓರೆಯಾಗಿ ಇಡುತ್ತಾನೆ, ನಿಜ. ಆದರೆ ಬೀದಿಯ ಕೊನೆಯಿಂದ ಹಲಗೆ ಹಾಸುವುದಿಲ್ಲ.

ಮಣ್ಣಿನ ಲೆಕ್ಕವಂತೂ ಇನ್ನೂ ನಿಷ್ಠುರ. ಮೇಲ್ಗಡೆ 10 ಮೀಟರ್ ಅಗಲ ಬೇಕೆಂದರೂ ಬದಿಗಳು ಕುಸಿಯದಿರಲು ಕೆರೆಯ ಏರಿಯಂತೆ ಬುಡ ಹರಡಬೇಕು. ಒಂದು ಮೀಟರ್ ಎತ್ತರಕ್ಕೆ ಪ್ರತಿ ಬದಿಯೂ ಒಂದೂವರೆ ಮೀಟರ್ ಚಾಚಿದರೆ, ಆರು ಕಿಲೋಮೀಟರಿಗೆ ಒಂದು ಕೋಟಿ ಘನ ಮೀಟರಿಗೂ ಹೆಚ್ಚು ಮಣ್ಣು ಬೇಕು. 600 ಮೀಟರಿಗೆ ಅದರ ಹತ್ತನೆಯ ಒಂದು ಪಾಲು ಸಾಕು. ಗೋಪುರದ ಸುತ್ತಲೇ ಬಳಸಿ ಏರುವ ದಾರಿಯಾದರೆ ಇನ್ನೂ ಉಳಿತಾಯ.

ಇಷ್ಟಕ್ಕೂ ಆ ಶಿಖರ ಒಂದೇ ಕಲ್ಲಲ್ಲ. ಹಲವು ತುಂಡುಗಳನ್ನು ಜೋಡಿಸಿದ್ದು. 10 ಟನ್ನಿನ ತುಂಡಾದರೆ ಅದೇ ಹತ್ತಕ್ಕೊಂದರ ಏರಿನಲ್ಲಿ ಮೂರು ಟನ್ ಎಳೆತ ಸಾಕು. ತಲಾ 30 ಕಿಲೋ ಎಳೆಯುವ ನೂರು ಮಂದಿ ಹಗ್ಗ ಹಿಡಿದರೆ ಆಯಿತು.

ಏರುದಾರಿ ಇದ್ದದ್ದು ಕೊನೆಯ ಕಲ್ಲಿಗೆ ಮಾತ್ರವೂ ಅಲ್ಲ. ಕಾವೇರಿಯ ಮೆಕ್ಕಲು ಬಯಲಿನಲ್ಲಿ ಗ್ರಾನೈಟ್ ಸಿಗುವುದಿಲ್ಲ. ದೂರದಿಂದ ತಂದ ಪ್ರತಿಯೊಂದು ಕಲ್ಲೂ ಹೇಗಾದರೂ ಮೇಲೇರಲೇಬೇಕಿತ್ತು. ಒಂದು ವರಸೆ ಕೂರಿಸಿ, ಅಷ್ಟೇ ಎತ್ತರಕ್ಕೆ ಮಣ್ಣು ಏರಿಸಿ, ಮುಂದಿನ ವರಸೆಗೆ ನೆಲ ಮಾಡಿಕೊಳ್ಳುವುದು ಸಹಜವಾದ ಕ್ರಮ. ಗೋಪುರದ ಒಳಗೆ ಪ್ರತಿ ವರಸೆಯೂ ಕೆಳಗಿನದಕ್ಕಿಂತ ಸ್ವಲ್ಪ ಮುಂದಕ್ಕೆ ಚಾಚುವುದರಿಂದ ಟೊಳ್ಳು ಕಿರಿದಾಗುತ್ತ ಹೋಗಿ ಮುಚ್ಚಿಕೊಳ್ಳುತ್ತದೆ.

ತುದಿಯ ಚಿನ್ನ ಲೇಪಿಸಿದ ತಾಮ್ರದ ಕಲಶವನ್ನು ರಾಜರಾಜ ಚೋಳ ತನ್ನ ಆಳ್ವಿಕೆಯ 25ನೆಯ ವರ್ಷದ 275ನೆಯ ದಿನ, ಅಂದರೆ 1010ರಲ್ಲಿ ಒಪ್ಪಿಸಿದನೆಂದು ಗೋಡೆಯ ಶಾಸನ ಹೇಳುತ್ತದೆ. ಆಮೇಲೆ ಉಳಿದದ್ದು ಬುಟ್ಟಿ ಬುಟ್ಟಿಯಾಗಿ ಮಣ್ಣು ಇಳಿಸುವ ಕೆಲಸ.