ಮಕ್ಕಳ ಕಥೆಯಲ್ಲಿ ಎಲ್ಲರೂ ಬರೀ 'ನಕ್ಕರು' ಅಂತ ಬರೆದರೆ ಸಾಕಾ?

ಓದುಗರ ಪ್ರಶ್ನೆ: ನಾಲ್ಕೈದು ವರ್ಷದ ಮಕ್ಕಳಿಗಾಗಿ ಒಂದು ಪುಟ್ಟ ಕಥೆ ಬರೆದಿದ್ದೇನೆ. ಮೇಕೆಯ ಕೊಂಬಿಗೆ ಅಜ್ಜನ ಪಂಚೆ ಸಿಕ್ಕಿಕೊಂಡು, ಅದು ಬೀದಿ ತುಂಬ ಓಡಾಡುವ ಕಥೆ. ಅದರಲ್ಲಿ 'ನಕ್ಕಳು', 'ನಕ್ಕರು' ಅಂತ ಐದು ಸಲ ಬಂದಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಗಿಗಲ್, ಚಕಲ್, ಗಫಾ ಅಂತ ಒಂದೊಂದು ನಗುವಿಗೂ ಒಂದೊಂದು ಪದ ಇರುತ್ತದೆ. ಕನ್ನಡದಲ್ಲಿ ಏನು ಬರೆಯಲಿ?

ಉತ್ತರ: ಮೊದಲಿಗೆ, 'ನಕ್ಕಳು' ಅನ್ನೋದನ್ನು ತೆಗೆಯಬೇಡಿ. ಅದು ಐದು ಸಲ ಬಂದರೂ ತಪ್ಪಿಲ್ಲ. ನಗು ಎಂಥದ್ದು ಅಂತ ಹೇಳುವ ಕೆಲಸವನ್ನು ಕನ್ನಡದಲ್ಲಿ ಹೆಚ್ಚಾಗಿ ಮಾಡುವುದು ಅದರ ಜೊತೆ ಬರುವ ಸದ್ದಿನ ಪದ. ಕಿಲಕಿಲ ನಕ್ಕಳು, ಕಿಸಕ್ಕನೆ ನಕ್ಕಳು, ಮುಸಿಮುಸಿ ನಕ್ಕಳು, ಗೊಳ್ಳನೆ ನಕ್ಕರು. ಶಾಲೆಯ ವ್ಯಾಕರಣದಲ್ಲಿ ಇಂಥ ಪದಗಳಿಗೆ ಅನುಕರಣಾವ್ಯಯ ಅಂತ ಹೆಸರು. ಇದರಿಂದ ಮಕ್ಕಳ ಕಥೆ ಬರೆಯುವವರಿಗೆ ದೊಡ್ಡ ಅನುಕೂಲ ಇದೆ. 'ನಕ್ಕಳು' ಅನ್ನೋದು ಮಗುವಿಗೆ ಮೊದಲೇ ಗೊತ್ತು. ಹೊಸ ಪದ ಅದರ ಕೈ ಹಿಡಿದುಕೊಂಡೇ ಬರುತ್ತದೆ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಸದ್ದನ್ನು ಎಲ್ಲಿ ಹಾಕಬೇಕು ಅನ್ನೋದಕ್ಕೆ ನಿಮ್ಮ ಬಾಯನ್ನೇ ಗಮನಿಸಿ. 'ಮುಸಿಮುಸಿ' ಅನ್ನಿ. 'ಮು' ಅನ್ನುವಾಗ ತುಟಿ ಮುಚ್ಚಿಕೊಳ್ಳುತ್ತದೆ. ಅದು ತಡೆದುಕೊಂಡ ನಗು, ಬಾಯಿಗೆ ಕೈ ಅಡ್ಡ ಇಟ್ಟ ನಗು. 'ಕಿಲಕಿಲ'ದಲ್ಲಿ 'ಇ' ಸ್ವರ ಇದೆ. ಅದು ಸಣ್ಣ ದನಿಯ, ತೆಳುವಾದ ನಗು. ಎಳೆ ಕೂಸಿಗೂ ಪುಟ್ಟ ಮಕ್ಕಳಿಗೂ ಹೊಂದುತ್ತದೆ. 'ಗಹಗಹ' ಅನ್ನಬೇಕಾದರೆ ಬಾಯಿ ತೆರೆಯಲೇಬೇಕು, ಉಸಿರು ಹೊರಗೆ ನುಗ್ಗಲೇಬೇಕು. ಇದು ದೊಡ್ಡವರ ತುಂಬುಗಂಟಲಿನ ನಗು. ನೀವು ಕೇಳಿದ ಗಫಾ ಅನ್ನೋದಕ್ಕೆ ಇದು ತುಂಬ ಹತ್ತಿರ.

ಪದದ ರೂಪವನ್ನೂ ನೋಡಿ. ಕಿಲಕಿಲ, ಮುಸಿಮುಸಿ, ಪಕಪಕ ಅಂತ ಎರಡು ಸಲ ಬಂದರೆ ನಗು ಸ್ವಲ್ಪ ಹೊತ್ತು ನಡೆಯುತ್ತಿದೆ ಅಂತ. ಕಿಸಕ್ಕನೆ, ಫಕ್ಕನೆ, ಗೊಳ್ಳನೆ ಅಂತ 'ನೆ' ಸೇರಿದರೆ ನಗು ಒಮ್ಮೆಲೇ ಸಿಡಿಯಿತು ಅಂತ. ನಿಮ್ಮ ಕಥೆಯ ಹುಡುಗಿ ಚಿನ್ನಿ ತಡೆದೂ ತಡೆದೂ ಕೊನೆಗೆ ತಡೆಯಲಾರದೆ ನಕ್ಕರೆ ಅದು ಕಿಸಕ್ಕನೆ. ಅವಳ ತಮ್ಮ ತೊಟ್ಟಿಲಲ್ಲಿ ಕಾಲು ಬಡಿಯುತ್ತಾ ನಗುತ್ತಲೇ ಇದ್ದರೆ ಅದು ಕಿಲಕಿಲ. ಇಂಗ್ಲಿಷಿನ ಗಿಗಲ್ ಈ ಎರಡಕ್ಕೂ ಬರುತ್ತದೆ, ಮುಸಿಮುಸಿಗೂ ಬರುತ್ತದೆ. ಹಾಗಾಗಿ ಒಂದಕ್ಕೆ ಒಂದು ಅಂತ ಜೋಡಿಸುತ್ತಾ ಕೂರುವುದಕ್ಕಿಂತ, ಆ ಗಳಿಗೆಯಲ್ಲಿ ಆ ಮಗು ಹೇಗೆ ನಗುತ್ತದೆ ಅಂತ ಯೋಚಿಸುವುದು ಒಳ್ಳೆಯದು.

ಈಗ ನಿಮ್ಮ ಕಥೆಗೆ ಬರೋಣ. ಅದರ ಸಾರ ಇಷ್ಟು:

"ಮೇಕೆಯ ಕೊಂಬಿಗೆ ಅಜ್ಜನ ಪಂಚೆ ಸಿಕ್ಕಿಕೊಂಡಿತು. ಚಿನ್ನಿ ನಕ್ಕಳು. ತಮ್ಮ ನಕ್ಕ. ಅಜ್ಜಿ ನಕ್ಕಳು. ಮೇಕೆ ಬೀದಿಗೆ ಓಡಿತು. ಅಂಗಡಿ ಮುಂದೆ ನಿಂತಿದ್ದವರೆಲ್ಲ ನಕ್ಕರು. ಅಜ್ಜನೂ ನಕ್ಕ."

ಇದನ್ನು ನಾನಾದರೆ ಹೀಗೆ ಬರೆಯುತ್ತೇನೆ:

"ಮೇಕೆಯ ಕೊಂಬಿಗೆ ಅಜ್ಜನ ಪಂಚೆ ಸಿಕ್ಕಿಕೊಂಡಿತು. 'ಏಯ್, ನನ್ನ ಪಂಚೆ!' ಅಜ್ಜನಿಗೆ ಸಿಟ್ಟು ಬಂತು. ಚಿನ್ನಿ ಬಾಯಿಗೆ ಕೈ ಅಡ್ಡ ಹಿಡಿದು ಮುಸಿಮುಸಿ ನಕ್ಕಳು. ತೊಟ್ಟಿಲಲ್ಲಿದ್ದ ತಮ್ಮ ಕಿಲಕಿಲ ನಕ್ಕ. ಅಜ್ಜಿ ಸದ್ದೇ ಮಾಡಲಿಲ್ಲ. ಅವಳ ಹೊಟ್ಟೆ ಮಾತ್ರ ಕುಲುಕುಲು ಕುಲುಕಿತು. ಮೇಕೆ ಬೀದಿಗೆ ಓಡಿತು. ಅಂಗಡಿ ಮುಂದೆ ನಿಂತಿದ್ದವರೆಲ್ಲ ಗೊಳ್ಳನೆ ನಕ್ಕರು. ಮೇಕೆ ನಿಂತಿತು. ತಿರುಗಿ ನೋಡಿ 'ಮ್ಯಾ' ಅಂತು. ಅಜ್ಜನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗಹಗಹಿಸಿ ನಕ್ಕ."

ನಗು ಇಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತಾ ಹೋಗುತ್ತದೆ. ಗಹಗಹಿಸಿ ನಗುವುದನ್ನು ಎರಡನೇ ಸಾಲಲ್ಲೇ ಖರ್ಚು ಮಾಡಿಬಿಟ್ಟರೆ ಅಜ್ಜನಿಗೆ ಏನೂ ಉಳಿಯುವುದಿಲ್ಲ. ಚಿನ್ನಿ ಮುಸಿಮುಸಿ ನಗುವುದಕ್ಕೂ ಕಾರಣ ಇದೆ. ಅಜ್ಜ ಸಿಟ್ಟಾಗಿದ್ದಾನೆ, ಜೋರಾಗಿ ನಕ್ಕರೆ ಬೈಗುಳ ಬೀಳಬಹುದು. ಅಜ್ಜನ ಸಿಟ್ಟಿನ ಆ ಒಂದು ಸಾಲು ಇಲ್ಲದಿದ್ದರೆ ಮುಸಿಮುಸಿ ಅನ್ನೋದು ಸುಮ್ನೆ ಅಲಂಕಾರವಾಗುತ್ತಿತ್ತು.

ಅಜ್ಜಿಯ ಸಾಲು ನಿಮ್ಮ ಚಕಲ್‌ಗೆ ಉತ್ತರ. ದನಿ ಏರಿಸದೆ, ಒಳಗೇ ಖುಷಿಪಟ್ಟು ನಗುವುದಕ್ಕೆ ಕನ್ನಡದಲ್ಲಿ 'ಒಳಗೊಳಗೇ ನಕ್ಕಳು' ಅಂತೇವೆ. ದೊಡ್ಡವರ ಕಥೆಗೆ ಅದು ಚೆನ್ನಾಗಿಯೇ ಇದೆ. ಆದರೆ ನಾಲ್ಕು ವರ್ಷದ ಮಗುವಿಗೆ 'ಒಳಗೆ' ನಗುವುದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಕುಲುಕುವ ಹೊಟ್ಟೆ ಕಾಣುತ್ತದೆ. ಇಲ್ಲಿ 'ಮುಗುಳ್ನಕ್ಕಳು' ಅಂತ ಹಾಕುವವರು ತುಂಬ ಜನ ಇದ್ದಾರೆ. ಮುಗುಳ್ನಗೆ ತುಟಿಯದ್ದು ಮಾತ್ರ. ಮೇಕೆ ಪಂಚೆ ಹೊತ್ತು ಓಡುವಾಗ ಯಾರಾದರೂ ಬರೀ ಮುಗುಳ್ನಗುತ್ತಾರಾ? ಮಲಗುವ ಹೊತ್ತಿನ ಕಥೆಯಲ್ಲಿ, ಮಗು ನಿದ್ದೆಗೆ ಜಾರುವಾಗ ಅಮ್ಮನಿಗೆ ಆ ನಗು ಕೊಡಿ.

'ಗೊಳ್ಳನೆ' ವಿಷಯದಲ್ಲಿ ಸ್ವಲ್ಪ ಹುಷಾರಾಗಿರಬೇಕು. ಇದು ಗುಂಪಿನ ನಗು, ತರಗತಿಯೆಲ್ಲ ಒಟ್ಟಿಗೆ ನಕ್ಕಾಗ ಬರುವ ಪದ. ಒಬ್ಬರೇ ನಗುವಾಗ ಅಷ್ಟು ಕೂಡುವುದಿಲ್ಲ. ಇನ್ನೊಂದು, ಗುಂಪು ನಗುವಾಗ ನಗೆಗೀಡಾದವರು ಒಬ್ಬರಿರುತ್ತಾರೆ. ಮಕ್ಕಳು ಅದನ್ನು ಬೇಗ ಗುರುತಿಸುತ್ತಾರೆ, 'ಅಜ್ಜನಿಗೆ ಬೇಜಾರಾಯ್ತಾ?' ಅಂತ ಕೇಳಿಯೇ ಕೇಳುತ್ತಾರೆ. ನಿಮ್ಮ ಕಥೆಯಲ್ಲಿ ಕೊನೆಗೆ ಅಜ್ಜನೂ ನಗುವುದರಿಂದ ಆ ನೋವು ಉಳಿಯುವುದಿಲ್ಲ. ಆ ಸಾಲನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.

ಹಾಗೆಯೇ 'ಅಟ್ಟಹಾಸ', 'ಹಲ್ಲುಕಿರಿದ' ಇವು ಜೋರು ನಗು, ಹಲ್ಲು ಕಾಣುವ ನಗು ಅಂತ ಬಳಸುವ ಪದಗಳಲ್ಲ. ಅಟ್ಟಹಾಸ ರಾಕ್ಷಸನದ್ದು. ಪಾಪ, ಅಜ್ಜನಿಗೆ ಅದನ್ನು ಕೊಟ್ಟರೆ ಮಗು ಹೆದರುತ್ತದೆ. ಹಲ್ಲುಕಿರಿಯುವುದರಲ್ಲಿ ಪೆದ್ದುತನವೋ ಗೋಗರೆತವೋ ಸೇರಿಕೊಂಡಿರುತ್ತದೆ.

ನಾಲ್ಕು ವರ್ಷದ ಮಗುವಿಗೆ ಓದುವುದಾದರೆ ಈ ಐದೂ ಬಗೆ ಜಾಸ್ತಿಯಾಯ್ತು ಅಂತ ನಿಮಗೆ ಅನಿಸಬಹುದು. ಪರೀಕ್ಷೆ ಸುಲಭ. ಚಿತ್ರ ತೋರಿಸದೆ ಜೋರಾಗಿ ಓದಿ. 'ಕಿಲಕಿಲ' ಅಂದಾಗ, 'ಗಹಗಹಿಸಿ' ಅಂದಾಗ ಮಗು ತಾನೇ ಬೇರೆ ಬೇರೆ ಥರ ನಕ್ಕು ತೋರಿಸಿದರೆ ಪದ ತಲುಪಿದೆ. ಸುಮ್ಮನೆ ನಿಮ್ಮ ಮುಖ ನೋಡಿದರೆ ಎರಡನ್ನು ತೆಗೆದು ಬರೀ 'ನಕ್ಕ' ಅಂತ ಬಿಡಿ. ತೆಗೆಯುವುದಾದರೆ ಮುಸಿಮುಸಿ ಮೊದಲು ಹೋಗಲಿ. ಬಾಯಿಗೆ ಅಡ್ಡ ಹಿಡಿದ ಕೈ ಆ ಮಾತನ್ನು ಆಗಲೇ ಹೇಳಿದೆ. ಎರಡು ವರ್ಷದ ಕೂಸಿಗಾದರೆ 'ಕಿಲಕಿಲ ಕಿಲಕಿಲ' ಒಂದೇ ಸಾಕು. ಪ್ರತಿ ಪುಟದಲ್ಲೂ ಅದೇ ಬರಲಿ.

ಕೊನೆಯದಾಗಿ ಮಾತಿನ ಸಾಲುಗಳು. "'ಮೇಕೆ ಪಂಚೆ ಉಟ್ಟಿದೆ' ಎಂದು ನಕ್ಕಳು" ಅಂತ ಬರೆದರೆ ಓದುವವರು ಮಾತನ್ನು ಮುಗಿಸಿ ಆಮೇಲೆ ನಗಬೇಕಾಗುತ್ತದೆ. ನಗು ಮಾತಿನ ಒಳಗೇ ಇರಲಿ: "'ಅಜ್ಜಾ, ಮೇಕೆ... ಹಿ ಹಿ... ಮೇಕೆ ಪಂಚೆ ಉಟ್ಟಿದೆ!'" ಅಜ್ಜನ ಬಾಯಲ್ಲಿ ನಿಮ್ಮ ಕಡೆ ರೂಢಿಯಿದ್ದರೆ 'ನಗಾಡಬೇಡ್ರೋ, ಹಿಡೀರಿ ಅದನ್ನ!' ಅಂತ ಹಾಕಿ. ಅಂಗಡಿ ಮುಂದಿನವರು ಅದನ್ನು ಕೇಳಿದ ಮೇಲೆಯೇ ಗೊಳ್ಳನೆ ನಗಲಿ.